ಯಾರೂ ಕಾಯದ 32 ಸೆಕೆಂಡ್: ಕ್ಯೂ ಕೆಲಸಗಳನ್ನು ಸರಾಸರಿಯಿಂದ ಅಳೆದರೆ ಏನಾಗುತ್ತದೆ

ಒಂದು ವೆಬ್ ಅಪ್ಲಿಕೇಶನ್‌ನಲ್ಲಿ ಬಳಕೆದಾರರು ತಮ್ಮ ದಾಖಲೆಗಳನ್ನೆಲ್ಲ ಒಂದೇ ಫೈಲ್ ಆಗಿ ಇಳಿಸಿಕೊಳ್ಳುವ ಸೌಲಭ್ಯ ಇದೆ ಎಂದುಕೊಳ್ಳಿ. ಬಟನ್ ಒತ್ತಿದ ತಕ್ಷಣ ಫೈಲ್ ಬರುವುದಿಲ್ಲ. ಆ ಕೋರಿಕೆ ಒಂದು ಕ್ಯೂಗೆ ಸೇರುತ್ತದೆ. ಹಿನ್ನೆಲೆಯಲ್ಲಿ ಓಡುತ್ತಿರುವ ನಾಲ್ಕು ವರ್ಕರ್‌ಗಳಲ್ಲಿ ಯಾವುದು ಮೊದಲು ಬಿಡುವಾಗುತ್ತದೋ ಅದು ಈ ಕೆಲಸವನ್ನು ಎತ್ತಿಕೊಂಡು, ಫೈಲ್ ತಯಾರಿಸಿ, "ಸಿದ್ಧವಾಗಿದೆ" ಎಂದು ತಿಳಿಸುತ್ತದೆ. ಇಮೇಲ್ ಕಳಿಸುವುದು, ಚಿತ್ರದ ಗಾತ್ರ ಬದಲಿಸುವುದು, ವರದಿ ತಯಾರಿಸುವುದು, ಎಲ್ಲವೂ ಹೆಚ್ಚುಕಡಿಮೆ ಹೀಗೇ ನಡೆಯುತ್ತವೆ.

ಇಂಥದ್ದೇ ಒಂದು ಕ್ಯೂವನ್ನು ನಾನು ಕೆಲವು ಕಾಲ ನೋಡಿಕೊಂಡಿದ್ದೆ. ನಮ್ಮ ಡ್ಯಾಶ್‌ಬೋರ್ಡ್‌ನಲ್ಲಿ ಒಂದೇ ಒಂದು ಅಂಕಿ ದೊಡ್ಡದಾಗಿ ಕಾಣುತ್ತಿತ್ತು: ಒಂದು ಕೆಲಸ ಮುಗಿಯಲು ಹಿಡಿಯುವ ಸರಾಸರಿ ಸಮಯ. ಒಂದು ನಿಮಿಷದೊಳಗೆ ಫೈಲ್ ಸಿಗುತ್ತದೆ ಎಂದು ಪುಟದಲ್ಲಿ ಬರೆದಿದ್ದೆವು, ಸರಾಸರಿ ಅದರ ಅರ್ಧದಷ್ಟೇ ಇತ್ತು. ಆದರೂ ಬಟನ್ ಒತ್ತಿ ನಾಲ್ಕೈದು ನಿಮಿಷವಾದರೂ ಏನೂ ಬಂದಿಲ್ಲ ಎಂಬ ದೂರುಗಳು ನಿಲ್ಲಲಿಲ್ಲ. ದೂರು ಕೊಟ್ಟವರ ಇಂಟರ್ನೆಟ್ ನಿಧಾನವಿರಬೇಕು ಎಂದು ನಾವು ಬಹಳ ದಿನ ನಂಬಿಕೊಂಡಿದ್ದೆವು. ಆ ನಂಬಿಕೆ ತಪ್ಪಾಗಿತ್ತು. ಅವರು ಹೇಳುತ್ತಿದ್ದದ್ದು ನಿಜ ಎಂದು ತಿಳಿದದ್ದು, ಸರಾಸರಿಯನ್ನು ಬಿಟ್ಟು ಒಂದೊಂದು ಕೆಲಸದ ಸಮಯವನ್ನೂ ಸಾಲಾಗಿ ಇಟ್ಟು ನೋಡಿದ ಮೇಲೆ.

ಲೆಕ್ಕ ಸುಲಭವಾಗಲಿ ಎಂದು ಆ ಪರಿಸ್ಥಿತಿಯನ್ನು ಇಲ್ಲಿ 20 ಕೆಲಸಗಳಿಗೆ ಇಳಿಸಿ ಕೊಡುತ್ತಿದ್ದೇನೆ. ಪ್ರತಿ ಅಂಕಿಯೂ ಬಟನ್ ಒತ್ತಿದ ಕ್ಷಣದಿಂದ ಫೈಲ್ ಸಿದ್ಧವಾಗುವವರೆಗಿನ ಸೆಕೆಂಡುಗಳು. ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದೆ.

```
4  4  5  5  5  6  6  6  7  7
7  8  8  9  9  10 12 14 210 298
```

ಎಲ್ಲವನ್ನೂ ಕೂಡಿದರೆ 640. ಅದನ್ನು 20ರಿಂದ ಭಾಗಿಸಿದರೆ 32 ಸೆಕೆಂಡ್. ನಮ್ಮ ಡ್ಯಾಶ್‌ಬೋರ್ಡ್ ತೋರಿಸುತ್ತಿದ್ದದ್ದು ಇದನ್ನೇ. ಈಗ ಮೇಲಿನ ಸಾಲನ್ನು ಇನ್ನೊಮ್ಮೆ ನೋಡಿ. 32 ಸೆಕೆಂಡ್ ಕಾದವರು ಒಬ್ಬರೂ ಇಲ್ಲ. 32ರ ಹತ್ತಿರ ಬಂದವರೂ ಇಲ್ಲ. 18 ಜನರಿಗೆ 14 ಸೆಕೆಂಡಿನೊಳಗೆ ಕೆಲಸ ಆಗಿದೆ, ಇಬ್ಬರು ಮೂರೂವರೆ ನಿಮಿಷಕ್ಕೆ ಕಡಿಮೆಯಿಲ್ಲದಂತೆ ಕಾದಿದ್ದಾರೆ. ಈ ಎರಡು ಗುಂಪುಗಳ ನಡುವೆ ಖಾಲಿ ಜಾಗ, ಆ ಖಾಲಿ ಜಾಗದಲ್ಲಿ ಸರಾಸರಿ ನಿಂತಿದೆ. ಬೇಗ ಆದವರಿಗೆ ಅದು ಇರುವುದಕ್ಕಿಂತ ನಿಧಾನ ಅನ್ನಿಸುವ ಅಂಕಿ, ತಡವಾದವರಿಗೆ ನಂಬಲಾಗದಷ್ಟು ವೇಗದ ಅಂಕಿ.

ಕ್ಯೂ ಕೆಲಸಗಳಲ್ಲಿ ಇದು ಅಪರೂಪವಲ್ಲ, ಇದೇ ಸಹಜ ಸ್ಥಿತಿ. ಕಾರಣ ಸರಳ. ಒಂದು ಕೆಲಸ ಸೊನ್ನೆ ಸೆಕೆಂಡಿಗಿಂತ ಬೇಗ ಮುಗಿಯಲಾರದು, ಆದರೆ ಎಷ್ಟು ಬೇಕಾದರೂ ತಡವಾಗಬಹುದು. ಕೆಳಗಡೆ ಗೋಡೆ ಇದೆ, ಮೇಲುಗಡೆ ಇಲ್ಲ. ಹಾಗಾಗಿ ಸಮಯಗಳು ಒಂದು ಕಡೆ ಗುಂಪುಗೂಡಿ ಇನ್ನೊಂದು ಕಡೆಗೆ ಉದ್ದನೆಯ ಬಾಲ ಬಿಡುತ್ತವೆ. ಜನರ ಎತ್ತರದಂತೆ ಎರಡೂ ಕಡೆ ಸಮನಾಗಿ ಹರಡಿಕೊಳ್ಳುವ ಅಳತೆಗಳಿಗೆ ಸರಾಸರಿ ಒಳ್ಳೆಯ ಪ್ರತಿನಿಧಿ. ಬಾಲವಿರುವ ಅಳತೆಗಳಿಗೆ ಅಲ್ಲ.

ಪರ್ಸೆಂಟೈಲ್ ಮಾಡುವುದು ಬೇರೆ ಕೆಲಸ. ಅದು ಏನನ್ನೂ ಕೂಡುವುದಿಲ್ಲ, ಭಾಗಿಸುವುದಿಲ್ಲ. ಎಲ್ಲರನ್ನೂ ಸಮಯದ ಪ್ರಕಾರ ಸಾಲಾಗಿ ನಿಲ್ಲಿಸಿ, ಸಾಲಿನ ಒಂದು ನಿರ್ದಿಷ್ಟ ಜಾಗದಲ್ಲಿ ನಿಂತವರನ್ನು "ನೀವು ಎಷ್ಟು ಹೊತ್ತು ಕಾದಿರಿ?" ಎಂದು ಕೇಳುತ್ತದೆ. ಪರೀಕ್ಷೆಯ ಫಲಿತಾಂಶದಲ್ಲಿ ಬರುವ ಪರ್ಸೆಂಟೈಲ್ ಕೂಡ ಇದೇ. ಅಲ್ಲಿ ನಿಮ್ಮ ಅಂಕದಿಂದ ಸಾಲಿನ ಜಾಗ ಕಂಡುಹಿಡಿಯುತ್ತಾರೆ, ಇಲ್ಲಿ ಜಾಗದಿಂದ ಸಮಯ ಕಂಡುಹಿಡಿಯುತ್ತೇವೆ.

ಲೆಕ್ಕ ಹೀಗೆ: ಬೇಕಾದ ಶೇಕಡಾವನ್ನು ಒಟ್ಟು ಕೆಲಸಗಳ ಸಂಖ್ಯೆಯಿಂದ ಗುಣಿಸಿ 100ರಿಂದ ಭಾಗಿಸಿ. ಭಿನ್ನರಾಶಿ ಬಂದರೆ ಮೇಲಿನ ಪೂರ್ಣ ಸಂಖ್ಯೆ ತೆಗೆದುಕೊಳ್ಳಿ. ಸಾಲಿನಲ್ಲಿ ಅಷ್ಟನೆಯ ಅಂಕಿಯೇ ಉತ್ತರ. ನಮ್ಮ 20 ಕೆಲಸಗಳಲ್ಲಿ 50ನೇ ಪರ್ಸೆಂಟೈಲ್, ಅಂದರೆ p50, ಹತ್ತನೆಯ ಜಾಗದಲ್ಲಿದೆ: 7 ಸೆಕೆಂಡ್. p90 ಹದಿನೆಂಟನೆಯ ಜಾಗ: 14 ಸೆಕೆಂಡ್. p95 ಹತ್ತೊಂಬತ್ತನೆಯ ಜಾಗ: 210 ಸೆಕೆಂಡ್. ಈ ಮೂರು ಅಂಕಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟರೆ ಕ್ಯೂನ ಕಥೆ ಗೊತ್ತಾಗಿಬಿಡುತ್ತದೆ. ಸಾಮಾನ್ಯವಾಗಿ 7 ಸೆಕೆಂಡ್ ಸಾಕು. ಹತ್ತರಲ್ಲಿ ಒಂಬತ್ತು ಜನಕ್ಕೆ 14 ಸೆಕೆಂಡ್ ಮೀರುವುದಿಲ್ಲ. ಆಮೇಲೆ ನೆಲ ಕುಸಿದ ಹಾಗೆ 14ರಿಂದ 210ಕ್ಕೆ ಜಿಗಿತ. ಅಂಥ ಜಿಗಿತ ಕಂಡಾಗ "ಎಲ್ಲವೂ ಸ್ವಲ್ಪ ನಿಧಾನ" ಎಂಬ ಅನುಮಾನವನ್ನು ಬಿಟ್ಟುಬಿಡಬಹುದು. ಕೆಲವು ಕೆಲಸಗಳಿಗೆ ಮಾತ್ರ ಏನೋ ಬೇರೆಯೇ ಆಗುತ್ತಿದೆ ಎಂದರ್ಥ.

ಏನಾಗುತ್ತಿದೆ ಎಂದು ತಿಳಿಯಲು ಆ ಎರಡು ಕೆಲಸಗಳನ್ನು ಬಿಚ್ಚಿ ನೋಡಬೇಕಾಯಿತು. ಪ್ರತಿ ಕೆಲಸದ ಸಮಯದಲ್ಲೂ ಎರಡು ಭಾಗಗಳಿರುತ್ತವೆ: ಕ್ಯೂನಲ್ಲಿ ಕಾದ ಸಮಯ, ಮತ್ತು ವರ್ಕರ್ ಕೈಗೆ ಸಿಕ್ಕ ಮೇಲೆ ಓಡಿದ ಸಮಯ. ನಮ್ಮ ಲಾಗ್‌ನಲ್ಲಿ ಮೂರು ಗಡಿಯಾರ ಗುರುತುಗಳಿದ್ದವು: ಕ್ಯೂಗೆ ಸೇರಿದ್ದು, ಶುರುವಾಗಿದ್ದು, ಮುಗಿದಿದ್ದು. 298 ಸೆಕೆಂಡಿನ ಕೆಲಸ 8 ಸೆಕೆಂಡ್ ಕಾದು 290 ಸೆಕೆಂಡ್ ಓಡಿತ್ತು. ಅದು ಹಲವು ವರ್ಷಗಳ ದಾಖಲೆಗಳನ್ನು ಕೇಳಿದ ದೊಡ್ಡ ಕೋರಿಕೆ, ಅಷ್ಟು ಹೊತ್ತು ಹಿಡಿದದ್ದು ನ್ಯಾಯವೇ. 210 ಸೆಕೆಂಡಿನದು ಮಾತ್ರ ಬೇರೆ ಥರ. ಅದು ಓಡಿದ್ದು ಬರೀ 6 ಸೆಕೆಂಡ್. ಉಳಿದ 204 ಸೆಕೆಂಡ್ ಸುಮ್ಮನೆ ಕ್ಯೂನಲ್ಲಿ ನಿಂತಿತ್ತು. ಆ ಹೊತ್ತಿನ ಲಾಗ್ ತೆಗೆದಾಗ ನಾಲ್ಕೂ ವರ್ಕರ್‌ಗಳು ನಾಲ್ಕು ದೊಡ್ಡ ಕೋರಿಕೆಗಳಲ್ಲಿ ಸಿಕ್ಕಿಕೊಂಡಿದ್ದು ಕಾಣಿಸಿತು. ಚಿಕ್ಕ ಕೋರಿಕೆಯವರು ಬಾಗಿಲಲ್ಲಿ ನಿಂತು ದೊಡ್ಡವರ ಕೆಲಸ ಮುಗಿಯುವುದನ್ನು ಕಾಯುತ್ತಿದ್ದರು. ನಮಗೆ ದೂರು ಕೊಡುತ್ತಿದ್ದವರು ಇವರೇ.

ಇಲ್ಲೊಂದು ಮಾತು ಹೇಳಲೇಬೇಕು. ಅನೇಕ ತಂಡಗಳು ಕೆಲಸ ಶುರುವಾದಲ್ಲಿಂದ ಮಾತ್ರ ಸಮಯ ಅಳೆಯುತ್ತವೆ, ಏಕೆಂದರೆ ವರ್ಕರ್ ಕೋಡ್‌ನಲ್ಲಿ ಹಾಗೆ ಅಳೆಯುವುದು ಸುಲಭ. ಹಾಗೆ ಅಳೆದಿದ್ದರೆ ನಮ್ಮ 210 ಸೆಕೆಂಡ್ 6 ಸೆಕೆಂಡಾಗಿ ದಾಖಲಾಗುತ್ತಿತ್ತು, ಯಾವ ಪರ್ಸೆಂಟೈಲ್ ಹಾಕಿದರೂ ಈ ತೊಂದರೆ ಕಾಣುತ್ತಿರಲಿಲ್ಲ. ಮರುಪ್ರಯತ್ನದ ವಿಷಯದಲ್ಲೂ ಇದೇ ಎಚ್ಚರಿಕೆ ಬೇಕು. ಮೊದಲ ಸಲ ವಿಫಲವಾಗಿ ಎರಡನೆಯ ಸಲ ಮುಗಿದ ಕೆಲಸಕ್ಕೆ, ಎರಡನೆಯ ಸಲ ಕ್ಯೂಗೆ ಸೇರಿದ ಹೊತ್ತನ್ನಲ್ಲ, ಮೊಟ್ಟಮೊದಲು ಸೇರಿದ ಹೊತ್ತನ್ನೇ ಆರಂಭವೆಂದು ಹಿಡಿಯಬೇಕು. ಬಟನ್ ಒತ್ತಿದವರ ಗಡಿಯಾರ ಅಲ್ಲಿಂದಲೇ ಓಡುತ್ತಿರುತ್ತದೆ.

ಪರಿಹಾರ ಕಷ್ಟದ್ದೇನಾಗಿರಲಿಲ್ಲ. ದೊಡ್ಡ ಕೋರಿಕೆಗಳಿಗೆ ಬೇರೆ ಕ್ಯೂ ಮಾಡಿ ಅದಕ್ಕೆ ಒಂದೇ ವರ್ಕರ್ ಕೊಟ್ಟೆವು. ಉಳಿದ ಮೂರು ಚಿಕ್ಕ ಕೋರಿಕೆಗಳಿಗೆ. ಅದಾದ ಮೇಲೆ ಅದೇ 20 ಕೆಲಸಗಳು ಬಂದವು ಎಂದುಕೊಳ್ಳಿ. 18 ಕೆಲಸಗಳು ಮೊದಲಿನಂತೆಯೇ ಮುಗಿಯುತ್ತವೆ. 204 ಸೆಕೆಂಡ್ ಕಾದಿದ್ದ ಚಿಕ್ಕ ಕೆಲಸ ಈಗ 3 ಸೆಕೆಂಡ್ ಕಾದು 9ನೇ ಸೆಕೆಂಡಿಗೆ ಮುಗಿಯುತ್ತದೆ. ದೊಡ್ಡ ಕೆಲಸಕ್ಕೆ ಈಗ ಒಂದೇ ವರ್ಕರ್, ಮುಂದೆ ಇನ್ನೊಂದು ದೊಡ್ಡ ಕೆಲಸವೂ ಇದೆ. ಹಾಗಾಗಿ ಅದು 209 ಸೆಕೆಂಡ್ ಕಾದು, 290 ಸೆಕೆಂಡ್ ಓಡಿ, ಒಟ್ಟು 499 ಸೆಕೆಂಡ್ ಹಿಡಿಯುತ್ತದೆ.

ಹೊಸ ಸಾಲನ್ನು ಕೂಡಿ ನೋಡಿ: ಮೊದಲ 18 ಕೆಲಸಗಳು ಸೇರಿ 132, ಅದಕ್ಕೆ 9, ಅದಕ್ಕೆ 499. ಮತ್ತೆ 640. ಸರಾಸರಿ ಮತ್ತೆ 32 ಸೆಕೆಂಡ್. ಒಂದು ಸೆಕೆಂಡೂ ಅತ್ತಿತ್ತ ಆಗಿಲ್ಲ. ಸರಾಸರಿಯನ್ನೇ ನೋಡುತ್ತಿದ್ದರೆ "ಇಷ್ಟೆಲ್ಲ ಮಾಡಿ ಏನೂ ಪ್ರಯೋಜನವಾಗಲಿಲ್ಲ" ಎಂದು ಬದಲಾವಣೆಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೆವು. p95 ಮಾತ್ರ 210ರಿಂದ 14ಕ್ಕೆ ಇಳಿದಿದೆ. ಸಾಲಿನ ಕೊನೆಯ ಅಂಕಿ 298ರಿಂದ 499ಕ್ಕೆ ಏರಿದೆ. ಈ ಎರಡೂ ನಿಜ, ಎರಡನ್ನೂ ಹೇಳಬೇಕು. ದೊಡ್ಡ ಫೈಲ್ ಕೇಳಿದವರು ಮೊದಲಿಗಿಂತ ಹೆಚ್ಚು ಕಾಯುತ್ತಾರೆ, ಅದಕ್ಕೆ ಬದಲಾಗಿ ಚಿಕ್ಕ ಫೈಲ್ ಕೇಳಿದವರು ಯಾರೂ ಹೆಚ್ಚು ಹೊತ್ತು ಕಾಯುವುದಿಲ್ಲ. ಇದು ನಾವು ತಿಳಿದು ಮಾಡಿದ ವಿನಿಮಯ. ದೊಡ್ಡ ಫೈಲ್‌ನವರಿಗೆ "ಹತ್ತು ನಿಮಿಷ ಬೇಕಾಗಬಹುದು" ಎಂದು ಮೊದಲೇ ಹೇಳಿಬಿಟ್ಟರೆ ಅವರು ಅದನ್ನು ಒಪ್ಪುತ್ತಾರೆ. ಏಳು ಸೆಕೆಂಡಿನ ಕೆಲಸಕ್ಕೆ ಮೂರೂವರೆ ನಿಮಿಷ ಕಾಯಿಸುವುದನ್ನು ಯಾರೂ ಒಪ್ಪುವುದಿಲ್ಲ.

ಕ್ಯೂ ಬೇರೆ ಮಾಡಿದ ಮೇಲೆ ಅಳತೆಯನ್ನೂ ಬೇರೆ ಮಾಡಬೇಕು. ಎರಡು ಥರದ ಕೆಲಸಗಳನ್ನು ಬೆರೆಸಿ p95 ತೆಗೆದರೆ, ಆ ದಿನ ದೊಡ್ಡ ಕೋರಿಕೆಗಳು ನೂರಕ್ಕೆ ನಾಲ್ಕಿದ್ದರೆ ಅಂಕಿ ಚಂದ ಕಾಣುತ್ತದೆ, ಆರಿದ್ದರೆ ಭಯ ಹುಟ್ಟಿಸುತ್ತದೆ. ವ್ಯವಸ್ಥೆ ಮಾತ್ರ ಎರಡೂ ದಿನ ಒಂದೇ ಥರ ನಡೆದಿರುತ್ತದೆ.

ಇನ್ನು, ಬಹಳ ಜನ ಎಡವುವ ಜಾಗಕ್ಕೆ ಬರೋಣ: ಇನ್ನೂ ಮುಗಿಯದ ಕೆಲಸಗಳು. ಮುಗಿದ ಕೆಲಸಗಳ ಸಮಯವನ್ನು ಮಾತ್ರ ದಾಖಲಿಸಿದರೆ, ಸಿಕ್ಕಿಹಾಕಿಕೊಂಡ ಕೆಲಸ ಲೆಕ್ಕಕ್ಕೇ ಬರುವುದಿಲ್ಲ. ನಾಲ್ಕೂ ವರ್ಕರ್‌ಗಳು ಇಪ್ಪತ್ತು ನಿಮಿಷ ಸ್ತಬ್ಧವಾದರೆ ಆ ಇಪ್ಪತ್ತು ನಿಮಿಷದಲ್ಲಿ ಒಂದೂ ಕೆಲಸ ಮುಗಿಯುವುದಿಲ್ಲ. ಅಂದರೆ ಗ್ರಾಫ್‌ನಲ್ಲಿ ಕೆಟ್ಟ ಅಂಕಿಯೂ ಇರುವುದಿಲ್ಲ, ಬರೀ ಖಾಲಿ ಜಾಗ. ಇನ್ನೂ ಅಪಾಯಕಾರಿ ಸಂಗತಿ ಬೇಗನೆ ವಿಫಲವಾಗುವ ಕೆಲಸಗಳದ್ದು. ಡೇಟಾಬೇಸ್ ಸಂಪರ್ಕ ಕಡಿದು ಪ್ರತಿ ಕೆಲಸವೂ ಅರ್ಧ ಸೆಕೆಂಡಿನಲ್ಲಿ ದೋಷ ಕೊಟ್ಟು ಹೊರಬಿದ್ದರೆ, ಅದನ್ನೂ "ಮುಗಿದದ್ದು" ಎಂದು ಎಣಿಸುವ ಲೆಕ್ಕದಲ್ಲಿ ಸರಾಸರಿ ಹಿಂದೆಂದೂ ಇಲ್ಲದಷ್ಟು ಚೆನ್ನಾಗಿ ಕಾಣುತ್ತದೆ.

ಪರ್ಸೆಂಟೈಲ್ ನನಗೆ ನಿಜವಾಗಿ ಇಷ್ಟವಾಗುವುದು ಇಲ್ಲಿ. ಮುಗಿಯದ ಕೆಲಸ ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂದು ಯಾರಿಗೂ ಗೊತ್ತಿಲ್ಲ. ಸರಾಸರಿ ತೆಗೆಯಬೇಕಾದರೆ ಎಲ್ಲ ಅಂಕಿಗಳೂ ಗೊತ್ತಿರಬೇಕು, ಒಂದು ಗೊತ್ತಿಲ್ಲದಿದ್ದರೂ ಲೆಕ್ಕ ನಿಲ್ಲುತ್ತದೆ. ಪರ್ಸೆಂಟೈಲ್‌ಗೆ ಹಾಗಿಲ್ಲ. ಮುಗಿಯದವರನ್ನೂ ವಿಫಲರಾದವರನ್ನೂ ಸಾಲಿನ ಕಟ್ಟಕಡೆಗೆ ನಿಲ್ಲಿಸಿದರೆ ಸಾಕು. ಅವರ ಅಂಕಿ ಗೊತ್ತಿಲ್ಲದಿದ್ದರೂ ಜಾಗ ಗೊತ್ತು. ನೂರು ಕೆಲಸಗಳಲ್ಲಿ ಮೂರು ಇನ್ನೂ ಮುಗಿದಿಲ್ಲ ಎಂದಿಟ್ಟುಕೊಳ್ಳಿ. 95ನೆಯ ಜಾಗದಲ್ಲಿ ನಿಂತದ್ದು ಮುಗಿದ ಕೆಲಸವೇ, ಹಾಗಾಗಿ p95 ನಿಖರವಾಗಿ ಗೊತ್ತಾಗುತ್ತದೆ. ಮುಗಿಯದವು ಆರಾದರೆ p95ಗೆ ಉತ್ತರ ಅನಂತ ಎಂದು ಬರುತ್ತದೆ. ಅದೂ ಸರಿಯಾದ ಉತ್ತರವೇ: ನೂರರಲ್ಲಿ 94 ಜನರಿಗೆ ಮಾತ್ರ ಕೆಲಸ ಆಗಿದೆ, 95ನೆಯವರಿಗೆ ಇನ್ನೂ ಆಗಿಯೇ ಇಲ್ಲ.

ಇದಕ್ಕೊಂದು ಷರತ್ತಿದೆ. ಹತ್ತು ಸೆಕೆಂಡಿನ ಹಿಂದೆ ಸೇರಿದ ಕೆಲಸ ಇನ್ನೂ ಮುಗಿದಿಲ್ಲವೆಂದು ಅದನ್ನು ಕಡೆಗೆ ತಳ್ಳುವುದು ಅನ್ಯಾಯ, ಅದು ಹನ್ನೆರಡನೆಯ ಸೆಕೆಂಡಿಗೆ ಮುಗಿದರೂ ಮುಗಿಯಬಹುದು. ಅದಕ್ಕಾಗಿ ತೀರಾ ಈಚಿನ ಕೆಲಸಗಳನ್ನು ಬಿಟ್ಟು, ಒಂದು ಗಂಟೆಗಿಂತ ಹಿಂದೆ ಕ್ಯೂಗೆ ಸೇರಿದವನ್ನು ಮಾತ್ರ ಎಣಿಸುತ್ತೇವೆ. ಗಂಟೆಯಾದರೂ ಮುಗಿಯದ್ದು ಕಡೆಯಲ್ಲಿ ನಿಲ್ಲಲು ಅರ್ಹ. ಕೆಲಸಗಳ ದಾಖಲೆ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿದ್ದರೆ ಲೆಕ್ಕ ಹೀಗೆ ಆಗುತ್ತದೆ:

```sql
SELECT percentile_disc(ARRAY[0.5, 0.9, 0.95])
  WITHIN GROUP (ORDER BY
    CASE WHEN status = 'done'
      THEN EXTRACT(EPOCH FROM finished_at - enqueued_at)::float8
      ELSE 'Infinity'::float8
    END)
FROM jobs
WHERE enqueued_at >= now() - interval '25 hours'
  AND enqueued_at <  now() - interval '1 hour';
```

ಇದರಲ್ಲಿ ಎರಡು ವಿವರಗಳನ್ನು ಗಮನಿಸಿ. ಒಂದು, `WHERE` ಸಾಲು ಕೆಲಸ ಮುಗಿದ ಹೊತ್ತನ್ನಲ್ಲ, ಸೇರಿದ ಹೊತ್ತನ್ನು ಹಿಡಿದಿದೆ. ಮುಗಿದ ಹೊತ್ತನ್ನು ಹಿಡಿದರೆ ಮುಗಿಯದವು ಅಲ್ಲೇ ಉದುರಿಹೋಗುತ್ತವೆ. ಇನ್ನೊಂದು, `percentile_disc` ಸಾಲಿನಲ್ಲಿ ನಿಜವಾಗಿ ಇರುವ ಒಂದು ಅಂಕಿಯನ್ನೇ ಕೊಡುತ್ತದೆ. ಅದರ ಜೊತೆಗಾರ `percentile_cont` ಎರಡು ಅಂಕಿಗಳ ನಡುವೆ ಗೆರೆ ಎಳೆದು ಮಧ್ಯದ್ದನ್ನು ಊಹಿಸುತ್ತದೆ. ನಮ್ಮ ಮೊದಲ ಸಾಲಿಗೆ ಅದು p95 ಎಂದರೆ 214.4 ಎನ್ನುತ್ತದೆ, ಅಷ್ಟು ಹೊತ್ತು ಯಾರೂ ಕಾದಿಲ್ಲ. ಸಾವಿರಾರು ಕೆಲಸಗಳಿದ್ದಾಗ ಸಾಮಾನ್ಯವಾಗಿ ಎರಡಕ್ಕೂ ಹೆಚ್ಚು ವ್ಯತ್ಯಾಸವಿರುವುದಿಲ್ಲ, ಆದರೂ ನಾನು ಮೊದಲನೆಯದನ್ನೇ ಬಳಸುತ್ತೇನೆ. ಬಂದ ಅಂಕಿಯನ್ನು ಹಿಡಿದು ಲಾಗ್‌ನಲ್ಲಿ ಆ ಕೆಲಸವನ್ನೇ ಹುಡುಕಿ ತೆಗೆಯಬಹುದು.

ಒಂದು ಗಂಟೆ ಹಳೆಯ ಲೆಕ್ಕ ಈಗ ನಡೆಯುತ್ತಿರುವ ತೊಂದರೆಯನ್ನು ಹಿಡಿಯುವುದಿಲ್ಲವಲ್ಲ ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಅದಕ್ಕೆ ಬೇರೆಯೇ ಒಂದು ಅಳತೆ ಇಟ್ಟುಕೊಳ್ಳಬೇಕು: ಈ ಕ್ಷಣದಲ್ಲಿ ಕ್ಯೂನಲ್ಲಿ ಕಾಯುತ್ತಿರುವವರಲ್ಲಿ ಎಲ್ಲರಿಗಿಂತ ಹಳಬರು ಎಷ್ಟು ಹೊತ್ತಿನಿಂದ ಕಾಯುತ್ತಿದ್ದಾರೆ? ವರ್ಕರ್‌ಗಳು ಸ್ತಬ್ಧವಾದರೆ ಈ ಅಂಕಿ ಸೆಕೆಂಡಿಗೆ ಒಂದು ಸೆಕೆಂಡಿನಂತೆ ನೇರ ಗೆರೆಯಾಗಿ ಏರುತ್ತದೆ, ಕಂಡವರಿಗೆ ತಕ್ಷಣ ತಿಳಿಯುತ್ತದೆ. ರಾತ್ರಿ ಎಬ್ಬಿಸುವ ಎಚ್ಚರಿಕೆಯ ಗಂಟೆಯನ್ನು ಇದಕ್ಕೆ ಕಟ್ಟಿ. p95 ಬೆಳಿಗ್ಗೆ ಕೂತು ನೋಡುವುದಕ್ಕೆ.

ಮುಂದಿನ ತೊಡಕು ಪರ್ಸೆಂಟೈಲ್‌ಗಳನ್ನು ಒಟ್ಟುಗೂಡಿಸುವುದು. ದೊಡ್ಡ ವ್ಯವಸ್ಥೆಗಳಲ್ಲಿ ಪ್ರತಿ ಕೆಲಸದ ಸಮಯವನ್ನೂ ಒಂದೇ ಕಡೆ ಇಟ್ಟುಕೊಳ್ಳುವುದಿಲ್ಲ. ಪ್ರತಿ ಸರ್ವರ್ ತನ್ನದನ್ನು ತಾನು ಅಳೆಯುತ್ತದೆ. ಸರ್ವರ್ ಎ 900 ಕೆಲಸ ಮಾಡಿದೆ, ಅದರ p95 10 ಸೆಕೆಂಡ್. ಸರ್ವರ್ ಬಿ 100 ಕೆಲಸ ಮಾಡಿದೆ, ಅದರ p95 200 ಸೆಕೆಂಡ್. ಒಟ್ಟಾರೆ p95 ಎಷ್ಟು? ಎರಡನ್ನೂ ಕೂಡಿ ಅರ್ಧ ಮಾಡಿ 105 ಎಂದು ತೋರಿಸುವ ಡ್ಯಾಶ್‌ಬೋರ್ಡ್‌ಗಳು ಬೇಕಾದಷ್ಟಿವೆ. ಆ ಅಂಕಿಗೆ ಏನೂ ಅರ್ಥವಿಲ್ಲ. ಸರಾಸರಿಯನ್ನು ಬಿಡಬೇಕೆಂದು ಪರ್ಸೆಂಟೈಲ್‌ಗೆ ಬಂದು, ಕೊನೆಗೆ ಪರ್ಸೆಂಟೈಲ್‌ಗಳದ್ದೇ ಸರಾಸರಿ ತೆಗೆದರೆ ಬಿಟ್ಟುಬಂದ ಜಾಗಕ್ಕೇ ವಾಪಸ್ ಹೋದಂತೆ. ನಿಮಿಷಕ್ಕೊಂದು p95 ಇಟ್ಟುಕೊಂಡು ದಿನದ ಕೊನೆಗೆ ಅವುಗಳ ಸರಾಸರಿ ತೆಗೆಯುವುದೂ ಇದೇ ತಪ್ಪು.

ಒಟ್ಟುಗೂಡಿಸಬಹುದಾದದ್ದು ಎಣಿಕೆಗಳನ್ನು. ಸಮಯವನ್ನು ಕೆಲವು ಡಬ್ಬಗಳಾಗಿ ಮಾಡಿ, ಯಾವ ಡಬ್ಬಕ್ಕೆ ಎಷ್ಟು ಕೆಲಸ ಬಿತ್ತು ಎಂದು ಮಾತ್ರ ಎಣಿಸಬೇಕು. ಹಿಸ್ಟೋಗ್ರಾಂ ಎಂದರೆ ಇಷ್ಟೇ. ಸರ್ವರ್ ಎಯಲ್ಲಿ 855 ಕೆಲಸಗಳು 10 ಸೆಕೆಂಡಿನೊಳಗೆ, 45 ಕೆಲಸಗಳು 10ರಿಂದ 30ರ ನಡುವೆ ಎಂದುಕೊಳ್ಳಿ. ಸರ್ವರ್ ಬಿಯಲ್ಲಿ 60 ಕೆಲಸಗಳು 10ರೊಳಗೆ, 20 ಕೆಲಸಗಳು 10ರಿಂದ 30ರ ನಡುವೆ, ಉಳಿದ 20 ಒಂದು ನಿಮಿಷಕ್ಕಿಂತ ಹೆಚ್ಚು. ಈಗ ಡಬ್ಬಕ್ಕೆ ಡಬ್ಬ ಕೂಡಬಹುದು. 1000 ಕೆಲಸಗಳಲ್ಲಿ 915 ಕೆಲಸ 10 ಸೆಕೆಂಡಿನೊಳಗೆ, 980 ಕೆಲಸ 30 ಸೆಕೆಂಡಿನೊಳಗೆ. 950ನೆಯ ಕೆಲಸ 10ರಿಂದ 30ರ ಡಬ್ಬದಲ್ಲೇ ಇರಬೇಕು. ನಿಜವಾದ p95 ಅಲ್ಲಿದೆ, 105ರ ಹತ್ತಿರವೂ ಅಲ್ಲ.

ಡಬ್ಬದೊಳಗೆ ಎಲ್ಲಿ ಎಂಬುದು ಊಹೆ. ಇಂಥ ಅಳತೆಗಳನ್ನು ಸಂಗ್ರಹಿಸಿಡುವ ಪ್ರೊಮೀಥಿಯಸ್ ಎಂಬ ಸಾಫ್ಟ್‌ವೇರ್‌ನ `histogram_quantile` ಫಂಕ್ಷನ್, ಡಬ್ಬದೊಳಗಿನ ಕೆಲಸಗಳು ಸಮನಾಗಿ ಹರಡಿವೆ ಎಂದು ಭಾವಿಸುತ್ತದೆ. 65 ಕೆಲಸಗಳಲ್ಲಿ 35ನೆಯದು ಬೇಕು, ಆದ್ದರಿಂದ ಸುಮಾರು 20.8 ಸೆಕೆಂಡ್ ಎಂದು ಹೇಳುತ್ತದೆ. ದಶಾಂಶ ಬಿಂದು ನೋಡಿ ಅದು ನಿಖರ ಎಂದುಕೊಳ್ಳಬಾರದು. ನಮಗೆ ಗೊತ್ತಿರುವುದು 10ಕ್ಕೂ 30ಕ್ಕೂ ನಡುವೆ ಎಂದಷ್ಟೇ. ಕೊನೆಯ ಡಬ್ಬದಲ್ಲಿ ಇದು ಇನ್ನೂ ಮೋಸ ಮಾಡುತ್ತದೆ. "60ಕ್ಕಿಂತ ಹೆಚ್ಚು" ಎಂಬ ಡಬ್ಬಕ್ಕೆ ಮೇಲಿನ ಅಂಚಿಲ್ಲ, ಹಾಗಾಗಿ ಪರ್ಸೆಂಟೈಲ್ ಅಲ್ಲಿ ಬಿದ್ದರೆ ಆ ಫಂಕ್ಷನ್ 60 ಎಂದೇ ಹೇಳಿ ಸುಮ್ಮನಾಗುತ್ತದೆ. ನಿಮ್ಮ p99 ಗ್ರಾಫ್ ಸ್ಕೇಲ್ ಇಟ್ಟು ಎಳೆದಂತೆ ಒಂದೇ ಎತ್ತರದಲ್ಲಿ ಗಂಟೆಗಟ್ಟಲೆ ನಿಂತಿದ್ದರೆ, ಅದು ಸ್ಥಿರತೆಯಲ್ಲ, ಡಬ್ಬದ ಅಂಚಿಗೆ ತಲೆ ತಾಗಿದೆ. ನೀವು ಬಳಕೆದಾರರಿಗೆ ಒಂದು ನಿಮಿಷ ಎಂದು ಮಾತು ಕೊಟ್ಟಿದ್ದರೆ 60ಕ್ಕೆ ಸರಿಯಾಗಿ ಒಂದು ಅಂಚು ಇರಲಿ, ಅದರಾಚೆ 120, 300, 600ಕ್ಕೂ ಇರಲಿ. 60ಕ್ಕೆ ಅಂಚಿದ್ದರೆ ಇನ್ನೊಂದು ಅನುಕೂಲವಿದೆ. ಪರ್ಸೆಂಟೈಲ್ ಕೇಳುವ ಬದಲು "ನೂರಕ್ಕೆ ಎಷ್ಟು ಕೆಲಸ ಒಂದು ನಿಮಿಷದೊಳಗೆ ಮುಗಿಯಿತು?" ಎಂದು ತಿರುಗಿಸಿ ಕೇಳಬಹುದು. ಆ ಉತ್ತರದಲ್ಲಿ ಊಹೆಯೇ ಇಲ್ಲ, ಬರೀ ಎಣಿಕೆ.

ಎಷ್ಟು ಕೆಲಸಗಳಿದ್ದರೆ ಯಾವ ಪರ್ಸೆಂಟೈಲ್ ನಂಬಬಹುದು ಎಂಬುದೂ ಯೋಚಿಸಬೇಕಾದದ್ದೇ. ನನ್ನ 20 ಕೆಲಸಗಳ ಉದಾಹರಣೆಯಲ್ಲಿ p95 ಒಂದೇ ಒಂದು ಕೆಲಸದ ಮೇಲೆ ನಿಂತಿತ್ತು. ಲೆಕ್ಕ ಅರ್ಥವಾಗಲು ಅದು ಸಾಕು, ನಿರ್ಧಾರ ತೆಗೆದುಕೊಳ್ಳಲು ಸಾಲದು. 1000 ಕೆಲಸಗಳಲ್ಲಿ p99 ತೆಗೆದರೆ ಅದರ ಮೇಲೆ 10 ಕೆಲಸಗಳಿರುತ್ತವೆ. ಕೆಲಸಗಳು ಒಂದಕ್ಕೊಂದು ಸಂಬಂಧವಿಲ್ಲದೆ ಬಂದರೂ ಆ 10 ಎಂಬುದು ಅದೃಷ್ಟದ ಮೇಲೆ 4ರಿಂದ 16ರವರೆಗೆ ಅತ್ತಿತ್ತ ಆಗಬಹುದು. ಅಂದರೆ ನಿಜವಾದ p99, ಕೊನೆಯಿಂದ ನಾಲ್ಕನೆಯ ಅಂಕಿಗೂ ಹದಿನಾರನೆಯ ಅಂಕಿಗೂ ನಡುವೆ ಎಲ್ಲೋ ಇದೆ. ಬಾಲದಲ್ಲಿ ಅಂಕಿಗಳು ದೂರದೂರ ಇರುವುದರಿಂದ ಆ ಅಂತರ ದೊಡ್ಡದೇ. ಗಂಟೆಗೆ ನೂರು ಕೆಲಸ ಬರುವ ಕ್ಯೂನಲ್ಲಿ ಗಂಟೆಗೊಂದು p99 ಬರೆದರೆ, ಗ್ರಾಫ್ ಕುಣಿಯುವುದು ವ್ಯವಸ್ಥೆಯಿಂದಲ್ಲ, ಯಾವುದೋ ಒಂದು ಕೆಲಸದಿಂದ. ಅಲ್ಲಿ p90 ಸಾಕು, ಅಥವಾ ಇಡೀ ದಿನದ ಲೆಕ್ಕ ತೆಗೆದುಕೊಳ್ಳಿ.

ಇಷ್ಟು ಹೇಳಿದ ಮೇಲೂ ಸರಾಸರಿಯನ್ನು ಎಸೆಯಿರಿ ಎಂದು ನಾನು ಹೇಳುವುದಿಲ್ಲ. ವರ್ಕರ್ ಎಷ್ಟು ಬೇಕು ಎಂಬ ಪ್ರಶ್ನೆಗೆ ಸರಾಸರಿಯೇ ಉತ್ತರ. ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ನಿಯಮವಿದೆ: ಒಳಗಿರುವವರ ಸರಾಸರಿ ಸಂಖ್ಯೆ ಎಂದರೆ, ಬರುವ ವೇಗವನ್ನು ಒಬ್ಬೊಬ್ಬರು ಒಳಗಿರುವ ಸರಾಸರಿ ಸಮಯದಿಂದ ಗುಣಿಸಿದಷ್ಟು. ಐದು ಸೆಕೆಂಡಿಗೊಂದು ಕೆಲಸ ಬರುತ್ತಿದೆ, ಚಿಕ್ಕದು ದೊಡ್ಡದು ಎಲ್ಲ ಸೇರಿ ಒಂದು ಕೆಲಸ ಓಡುವ ಸರಾಸರಿ ಸಮಯ 15 ಸೆಕೆಂಡ್ ಎಂದರೆ, ಯಾವಾಗಲೂ ಸರಾಸರಿ ಮೂರು ವರ್ಕರ್‌ಗಳು ಕೆಲಸದಲ್ಲಿರುತ್ತವೆ. ಎರಡೇ ವರ್ಕರ್ ಇಟ್ಟರೆ ಕ್ಯೂ ಬೆಳೆಯುತ್ತಲೇ ಹೋಗುತ್ತದೆ. ಇಲ್ಲಿ p50 ಹಾಕಿದರೆ ಲೆಕ್ಕ ಕೆಡುತ್ತದೆ, ಏಕೆಂದರೆ ಒಂದು ದೊಡ್ಡ ಕೆಲಸ ತಿನ್ನುವ ವರ್ಕರ್ ಸಮಯ ನಿಜವಾಗಿಯೂ ಖರ್ಚಾಗುತ್ತದೆ, ಅದನ್ನು ಕೂಡಲೇಬೇಕು. ಸರಾಸರಿ ಯಂತ್ರಗಳ ಹೊರೆಯನ್ನು ಹೇಳುತ್ತದೆ. ಜನ ಕಾಯುವುದನ್ನು ಕೇಳಿದಾಗ ಮಾತ್ರ ಅದು ತಪ್ಪು ಉತ್ತರ ಕೊಡುತ್ತದೆ.

ಕೊನೆಯದಾಗಿ, ಯಾವ ಪರ್ಸೆಂಟೈಲ್ ಇಟ್ಟುಕೊಳ್ಳಬೇಕು? ಒಬ್ಬರು ಒಂದು ಸಲಕ್ಕೆ ಎಷ್ಟು ಕೆಲಸಗಳನ್ನು ಕಾಯುತ್ತಾರೆ ಎಂಬುದರ ಮೇಲೆ ಇದು ನಿಂತಿದೆ. ನಮ್ಮಲ್ಲಿ ಒಂದು ಪುಟವಿತ್ತು, ಅಲ್ಲಿ ಬಳಕೆದಾರರು ಇಪ್ಪತ್ತು ಫೈಲ್‌ಗಳನ್ನು ಒಟ್ಟಿಗೆ ಕೇಳಬಹುದಿತ್ತು. ಪ್ರತಿ ಫೈಲೂ ಕ್ಯೂನಲ್ಲಿ ಒಂದೊಂದು ಕೆಲಸ, ಇಪ್ಪತ್ತೂ ಮುಗಿದ ಮೇಲೆಯೇ ಅವರಿಗೆ ಲಿಂಕ್ ಸಿಗುತ್ತಿತ್ತು. ಪ್ರತಿ ಕೆಲಸವೂ p95ಗಿಂತ ಬೇಗ ಮುಗಿಯುವ ಸಾಧ್ಯತೆ ನೂರಕ್ಕೆ 95. ಇಪ್ಪತ್ತೂ ಹಾಗೆ ಮುಗಿಯಬೇಕೆಂದರೆ 0.95 ಅನ್ನು ಇಪ್ಪತ್ತು ಸಲ ಗುಣಿಸಬೇಕು: ಸುಮಾರು 0.36. ಅಂದರೆ ಆ ಪುಟ ಬಳಸುವವರಲ್ಲಿ ನೂರಕ್ಕೆ 64 ಜನ, ನಾವು "ಬರೀ ಐದು ಶೇಕಡಾ" ಎಂದು ಬದಿಗಿಟ್ಟ ನಿಧಾನದ ಕೆಲಸಗಳಲ್ಲಿ ಒಂದನ್ನಾದರೂ ಕಾಯುತ್ತಿದ್ದರು. ಗೂಗಲ್‌ನ ಜೆಫ್ ಡೀನ್ ಮತ್ತು ಲೂಯಿಸ್ ಬರೋಸೊ 2013ರ ಲೇಖನವೊಂದರಲ್ಲಿ ಇದೇ ಲೆಕ್ಕವನ್ನು ನೂರು ಸರ್ವರ್‌ಗಳಿಗೆ ಮಾಡಿದ್ದಾರೆ. ಪ್ರತಿ ಸರ್ವರ್ ನೂರಕ್ಕೆ ಒಂದು ಸಲ ಮಾತ್ರ ನಿಧಾನವಾದರೂ, ನೂರನ್ನೂ ಕಾಯಬೇಕಾದ ಕೋರಿಕೆಗಳಲ್ಲಿ ನೂರಕ್ಕೆ 63 ನಿಧಾನವಾಗುತ್ತವೆ.

ಈ ಗುಣಾಕಾರ ಸರಿಯಾಗಬೇಕಾದರೆ ನಿಧಾನವು ಬಿಡಿಬಿಡಿಯಾಗಿ, ಒಂದಕ್ಕೊಂದು ಸಂಬಂಧವಿಲ್ಲದೆ ಬರಬೇಕು. ಕ್ಯೂನಲ್ಲಿ ಹಾಗೆ ಬರುವುದಿಲ್ಲ. ವರ್ಕರ್‌ಗಳು ಸಿಕ್ಕಿಕೊಂಡಾಗ ಹಿಂದೆ ನಿಂತವರೆಲ್ಲ ಒಟ್ಟಿಗೆ ತಡವಾಗುತ್ತಾರೆ, ಹಾಗಾಗಿ ನಿಜವಾದ ಅಂಕಿ 64ಕ್ಕಿಂತ ಕಡಿಮೆ ಇರಬಹುದು. ಊಹಿಸುತ್ತ ಕೂರುವ ಬದಲು ನಾವು ಆ ಪುಟಕ್ಕೆ ಬೇರೆ ಅಳತೆ ಹಾಕಿದೆವು: ಇಪ್ಪತ್ತರಲ್ಲಿ ಮೊದಲನೆಯದು ಕ್ಯೂಗೆ ಸೇರಿದ ಕ್ಷಣದಿಂದ ಕಡೆಯದು ಮುಗಿದ ಕ್ಷಣದವರೆಗೆ ಒಂದೇ ಸಮಯ, ಅದರ p50 ಮತ್ತು p90. ಪುಟದಲ್ಲಿ ಬರೆದಿದ್ದ "ಒಂದು ನಿಮಿಷ" ಎಂಬ ಮಾತನ್ನು ಅದೇ ವಾರ ತೆಗೆದು, ಹೊಸ p90 ಎಷ್ಟಿತ್ತೋ ಅಷ್ಟನ್ನೇ ಬರೆದೆವು.